ರೆಸ್ಟೋರೆಂಟ್ ಬಿಲ್ಲಿನ ಸ್ಕ್ರೀನ್‌ಶಾಟ್: ಟ್ಯಾಕ್ಸ್, ಸರ್ವಿಸ್ ಚಾರ್ಜ್ ಲೆಕ್ಕ ಸರಿಯಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಲ್ಲಿನ ಸ್ಕ್ರೀನ್‌ಶಾಟ್ ಕೈಗೆ ಬಂತು. ಮೊದಲು ಏನನ್ನು ನೋಡಬೇಕು?

ಬಹಳ ಮಂದಿ ನೇರವಾಗಿ ಕೆಳಗಿನ ಟ್ಯಾಕ್ಸ್ ಸಾಲಿಗೆ ಹೋಗಿ ಶೇಕಡಾ ಲೆಕ್ಕ ಹಾಕಲು ಕೂರುತ್ತಾರೆ. ಅದು ಕೊನೆಯ ಕೆಲಸ. ಮೊದಲು ನೋಡಬೇಕಾದ್ದು ಐಟಂಗಳ ಭಾಗ: ಪ್ರತಿ ಸಾಲಿನಲ್ಲಿ ಸಂಖ್ಯೆ ಮತ್ತು ದರ ಗುಣಿಸಿದರೆ ಆ ಸಾಲಿನ ಮೊತ್ತ ಬರುತ್ತದೆಯೇ, ಎಲ್ಲ ಸಾಲುಗಳನ್ನು ಕೂಡಿದರೆ ಬಿಲ್ಲಿನಲ್ಲಿರುವ ಐಟಂ ಮೊತ್ತ ಬರುತ್ತದೆಯೇ ಎಂದು. ಇಲ್ಲೇ ತಪ್ಪಿದ್ದರೆ ಕೆಳಗಿನ ಟ್ಯಾಕ್ಸ್ ಎಷ್ಟೇ ಕರಾರುವಾಕ್ಕಾಗಿ ಹಾಕಿದ್ದರೂ ಪ್ರಯೋಜನವಿಲ್ಲ.

ಆಮೇಲೆ ಸ್ಕ್ರೀನ್‌ಶಾಟ್ ಪೂರ್ತಿ ಇದೆಯೇ ನೋಡಿ. ಮೇಲ್ಗಡೆ ಒಂದು ಸಾಲು ಕತ್ತರಿಸಿಹೋಗಿರಬಹುದು. ಸ್ಕ್ರಾಲ್ ಮಾಡಿ ಎರಡು ತುಂಡಾಗಿ ತೆಗೆದಿದ್ದರೆ ಒಂದೇ ಸಾಲು ಎರಡೂ ಚಿತ್ರಗಳಲ್ಲಿ ಬಂದು, ನೀವು ಅದನ್ನು ಎರಡು ಸಲ ಕೂಡಿಬಿಡಬಹುದು. ಇನ್ನೊಂದು ವಿಷಯ, ಅದು ಅಂತಿಮ ಬಿಲ್ಲೋ ಅಥವಾ ಆರ್ಡರ್ ಖಚಿತವಾಗುವ ಮುಂಚಿನ ಅಂದಾಜೋ ಎಂಬುದು. ಆರ್ಡರ್ ಮಾಡುವ ಆ್ಯಪ್‌ಗಳಲ್ಲಿ ಹಣ ಕಟ್ಟುವ ಮುಂಚಿನ ಪರದೆಯಲ್ಲಿ ಟ್ಯಾಕ್ಸ್ ಮತ್ತು ಇತರ ಚಾರ್ಜ್‌ಗಳನ್ನು ಒಂದೇ ಸಾಲಿಗೆ ತುರುಕಿರುವುದುಂಟು. ಆ ಪರದೆಯನ್ನು ಇಟ್ಟುಕೊಂಡು ಯಾವ ಲೆಕ್ಕವನ್ನೂ ಪರೀಕ್ಷಿಸಲಾಗದು. ಬಿಡಿಬಿಡಿಯಾಗಿ ತೋರಿಸುವ ಬಿಲ್ಲನ್ನೇ ಕೇಳಬೇಕು.

ಐಟಂಗಳನ್ನು ಕೂಡಿದರೆ ಬಿಲ್ಲಿನ ಮೊತ್ತ ಬರುತ್ತಿಲ್ಲ. ಬಿಲ್ ತಪ್ಪೋ, ನಾನು ಓದಿದ್ದು ತಪ್ಪೋ?

ಚಿತ್ರ ಮಸುಕಾಗಿದ್ದರೆ ಮೊದಲ ಅನುಮಾನ ನಿಮ್ಮ ಓದಿನ ಮೇಲೇ ಇರಲಿ. 3 ಮತ್ತು 8, 1 ಮತ್ತು 7, 5 ಮತ್ತು 6 ಥರ್ಮಲ್ ಪ್ರಿಂಟಿನ ಫೋಟೋಗಳಲ್ಲಿ ಸುಲಭವಾಗಿ ಅದಲುಬದಲಾಗುತ್ತವೆ. ಫೋನೇ ಚಿತ್ರದಿಂದ ಅಂಕಿಗಳನ್ನು ಎತ್ತಿಕೊಟ್ಟಿದ್ದರೆ ದಶಾಂಶ ಚುಕ್ಕಿ ಕಾಣೆಯಾಗಿರುವ ಸಾಧ್ಯತೆಯೂ ಇದೆ. ಕೆಲವು ದೇಶಗಳ ಬಿಲ್ಲುಗಳಲ್ಲಿ ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಇರುತ್ತದೆ, ಸಾವಿರಕ್ಕೆ ಚುಕ್ಕಿ ಇರುತ್ತದೆ; ಅದನ್ನೂ ಗಮನಿಸಿ.

ಲೆಕ್ಕಪತ್ರ ಬರೆಯುವವರ ಒಂದು ಹಳೆಯ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ. ನಿಮ್ಮ ಮೊತ್ತಕ್ಕೂ ಬಿಲ್ಲಿನ ಮೊತ್ತಕ್ಕೂ ಇರುವ ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ, ಯಾವುದೋ ಸಾಲಿನಲ್ಲಿ ಅಕ್ಕಪಕ್ಕದ ಎರಡು ಅಂಕಿಗಳನ್ನು ಹಿಂದುಮುಂದು ಓದಿರುವ ಸಾಧ್ಯತೆ ಹೆಚ್ಚು. 385 ಇರುವುದನ್ನು 358 ಎಂದು ಬರೆದುಕೊಂಡರೆ ವ್ಯತ್ಯಾಸ 27, ಅಂದರೆ 9ರ ಮೂರರಷ್ಟು. ಇದು ಸುಳಿವು ಮಾತ್ರ. ವ್ಯತ್ಯಾಸವು ಯಾವುದಾದರೂ ಒಂದು ಸಾಲಿನ ಮೊತ್ತಕ್ಕೇ ಸರಿಯಾಗಿ ಸಮವಾದರೆ, ಆ ಸಾಲು ಬಿಟ್ಟುಹೋಗಿದೆ ಅಥವಾ ಎರಡು ಸಲ ಸೇರಿದೆ.

ಒಂದು ಬಿಲ್ಲನ್ನು ಇಟ್ಟುಕೊಂಡು ಪೂರ್ತಿ ತೋರಿಸಬಹುದೇ?

ಲೆಕ್ಕಕ್ಕಾಗಿ ನಾನೇ ಕಟ್ಟಿದ ಬಿಲ್ ಇದು. ಕರೆನ್ಸಿ ಯಾವುದಾದರೂ ಇರಲಿ, ಅಂಕಿಗಳಷ್ಟೇ ಮುಖ್ಯ.

ಮೊದಲ ಐಟಂ: 3 × 145.00 = 435.00
ಎರಡನೇ ಐಟಂ: 2 × 260.00 = 520.00
ಮೂರನೇ ಐಟಂ: 1 × 385.00 = 385.00
ಐಟಂ ಮೊತ್ತ: 1,340.00
ಡಿಸ್ಕೌಂಟ್ 15%: −201.00
ಸರ್ವಿಸ್ ಚಾರ್ಜ್ 10%: 134.00
ಮೊದಲ ಟ್ಯಾಕ್ಸ್ 2.5%: 31.83
ಎರಡನೇ ಟ್ಯಾಕ್ಸ್ 2.5%: 31.83
ರೌಂಡ್ ಆಫ್: +0.34
ಕಟ್ಟಬೇಕಾದ ಮೊತ್ತ: 1,337.00

ಮೇಲಿನಿಂದ ಕೆಳಕ್ಕೆ ಕೂಡುತ್ತಾ ಬಂದರೆ ಎಲ್ಲವೂ ಸರಿಯಾಗಿಯೇ ಇದೆ. 435, 520, 385 ಸೇರಿ 1,340. ಅದರ 15% ಅಂದರೆ 201. ಕಳೆದರೆ 1,139. ಅದಕ್ಕೆ 134, 31.83, 31.83 ಸೇರಿಸಿದರೆ 1,336.66. ರೌಂಡ್ ಆಫ್ ಮಾಡಿದರೆ 1,337. ಕೂಡು-ಕಳೆ ಮಾತ್ರ ನೋಡುವವರು ಇಲ್ಲಿಗೆ ಬಿಲ್ಲನ್ನು ಪಾಸು ಮಾಡಿಬಿಡುತ್ತಾರೆ. ಆದರೆ ಇದರಲ್ಲಿ 21ರಷ್ಟು ವ್ಯತ್ಯಾಸ ಅಡಗಿದೆ.

ಕೂಡಿದ್ದು ಸರಿಯಿದ್ದ ಮೇಲೆ ವ್ಯತ್ಯಾಸ ಎಲ್ಲಿಂದ ಬಂತು?

ಶೇಕಡಾ ಹಾಕುವಾಗ ಎರಡು ವಿಷಯಗಳಿರುತ್ತವೆ: ಎಷ್ಟು ಶೇಕಡಾ, ಮತ್ತು ಯಾವ ಮೊತ್ತದ ಮೇಲೆ. ಬಿಲ್ಲಿನಲ್ಲಿ ಮೊದಲನೆಯದನ್ನು ಅಚ್ಚು ಹಾಕಿರುತ್ತಾರೆ. ಎರಡನೆಯದು ಸಾಮಾನ್ಯವಾಗಿ ಎಲ್ಲೂ ಇರುವುದಿಲ್ಲ. ನಾವು ಅದನ್ನು ಹಿಮ್ಮುಖ ಲೆಕ್ಕದಿಂದ ಪತ್ತೆ ಹಚ್ಚಬೇಕು. ನನ್ನ ಪ್ರಕಾರ ಬಿಲ್ ಪರೀಕ್ಷೆಯ ಮುಕ್ಕಾಲು ಭಾಗ ಇದೇ.

ಸರ್ವಿಸ್ ಚಾರ್ಜ್ ತೆಗೆದುಕೊಳ್ಳಿ. 134.00 ಅನ್ನು 0.10ರಿಂದ ಭಾಗಿಸಿದರೆ 1,340.00. ಅಂದರೆ ಡಿಸ್ಕೌಂಟ್ ಕಳೆಯುವ ಮುಂಚಿನ ಮೊತ್ತದ ಮೇಲೆ ಸರ್ವಿಸ್ ಚಾರ್ಜ್ ಬಿದ್ದಿದೆ. ಡಿಸ್ಕೌಂಟ್ ಕಳೆದ ಮೇಲಿನ 1,139ರ ಮೇಲೆ ಹಾಕಿದ್ದರೆ ಅದು 113.90 ಆಗಬೇಕಿತ್ತು. ಗಿರಾಕಿಗೆ ಕೊಟ್ಟ 201ರ ರಿಯಾಯಿತಿಯಲ್ಲಿ 20.10 ಇಲ್ಲೇ ವಾಪಸ್ ಹೋಯಿತು.

ಇದೇ ಭಾಗಾಕಾರದಿಂದ ಇನ್ನೊಂದು ಬಗೆಯ ತಪ್ಪೂ ಸಿಕ್ಕಿಬೀಳುತ್ತದೆ. ಕೆಲವು ಬಿಲ್ಲುಗಳಲ್ಲಿ ಮೊದಲು ಟ್ಯಾಕ್ಸ್ ಸೇರಿಸಿ, ಆಮೇಲೆ ಆ ಒಟ್ಟಿನ ಮೇಲೆ ಸರ್ವಿಸ್ ಚಾರ್ಜ್ ಹಾಕಿರುತ್ತಾರೆ. ನಮ್ಮ ಬಿಲ್ಲಿನಲ್ಲಿ ಹಾಗಾಗಿದ್ದರೆ ಸರ್ವಿಸ್ ಚಾರ್ಜ್ 119.60ರ ಆಸುಪಾಸಿನಲ್ಲಿ ಇರುತ್ತಿತ್ತು, 0.10ರಿಂದ ಭಾಗಿಸಿದರೆ 1,196, ಅಂದರೆ 1,139 ಮತ್ತು ಅದರ 5% ಟ್ಯಾಕ್ಸ್. ಸರ್ಕಾರಕ್ಕೆ ಹೋಗುವ ಟ್ಯಾಕ್ಸಿನ ಮೇಲೆ ರೆಸ್ಟೋರೆಂಟಿನವರು ಸೇವೆಯ ಹಣ ಕೇಳುವುದು ನನಗಂತೂ ಯಾವ ರೀತಿಯಲ್ಲೂ ಒಪ್ಪಿಗೆಯಾಗದ ಲೆಕ್ಕ.

ಟ್ಯಾಕ್ಸ್ ಯಾವ ಮೊತ್ತದ ಮೇಲೆ ಬಿದ್ದಿದೆ ಎಂದು ಹೇಗೆ ತಿಳಿಯುವುದು?

ಅದೇ ದಾರಿ, ಆದರೆ ಇಲ್ಲಿ ಭಾಗಿಸಿದಾಗ ಒಂದೇ ಅಂಕಿ ಸಿಗುವುದಿಲ್ಲ, ಒಂದು ವ್ಯಾಪ್ತಿ ಸಿಗುತ್ತದೆ. ಕಾರಣ ರೌಂಡಿಂಗ್. ಬಿಲ್ಲಿನಲ್ಲಿ 31.83 ಎಂದಿದ್ದರೆ ನಿಜವಾದ ಲೆಕ್ಕ 31.825 ಮತ್ತು 31.835ರ ನಡುವೆ ಎಲ್ಲಾದರೂ ಇರಬಹುದು. ಎರಡನ್ನೂ 0.025ರಿಂದ ಭಾಗಿಸಿ: 1,273.00 ಮತ್ತು 1,273.40. ಟ್ಯಾಕ್ಸ್ ಹಾಕಿದ ಮೊತ್ತ ಈ ಎರಡರ ನಡುವೆ ಇದೆ.

ಈಗ ಸಾಧ್ಯವಿರುವ ಮೊತ್ತಗಳನ್ನು ಒಂದೊಂದಾಗಿ ಹಿಡಿದು ನೋಡೋಣ. ಡಿಸ್ಕೌಂಟ್ ಕಳೆದ ಐಟಂ ಮೊತ್ತ 1,139, ಹೊಂದುವುದಿಲ್ಲ. ಡಿಸ್ಕೌಂಟಿಗೆ ಮುಂಚಿನ 1,340, ಅದೂ ಅಲ್ಲ. 1,139ಕ್ಕೆ ಸರಿಯಾದ ಸರ್ವಿಸ್ ಚಾರ್ಜ್ 113.90 ಸೇರಿಸಿದರೆ 1,252.90, ಇದೂ ವ್ಯಾಪ್ತಿಯ ಹೊರಗೆ. 1,139ಕ್ಕೆ ಬಿಲ್ಲಿನಲ್ಲಿರುವ 134 ಸೇರಿಸಿದರೆ 1,273.00. ವ್ಯಾಪ್ತಿಯ ಅಂಚಿನಲ್ಲೇ ಕೂತಿದೆ. ಸಿಕ್ಕಿತು. ರಿಯಾಯಿತಿ ಕಳೆದ ಐಟಂಗಳು ಮತ್ತು ಸರ್ವಿಸ್ ಚಾರ್ಜ್, ಎರಡರ ಮೇಲೂ ಟ್ಯಾಕ್ಸ್ ಹಾಕಿದ್ದಾರೆ.

ವ್ಯಾಪ್ತಿಯನ್ನು ಲೆಕ್ಕ ಹಾಕದೆ ಬರೀ 31.83 ಅನ್ನು ಭಾಗಿಸಿದರೆ 1,273.20 ಬರುತ್ತದೆ. ಆ ಮೊತ್ತ ಬಿಲ್ಲಿನಲ್ಲಿ ಎಲ್ಲೂ ಇಲ್ಲವಲ್ಲ ಎಂದು ಗಾಬರಿಯಾಗುವವರು ಇದ್ದಾರೆ. 0.20ರ ಈ ಅಂತರ ಬರೀ ರೌಂಡಿಂಗಿನದ್ದು. ಶೇಕಡಾ ಚಿಕ್ಕದಿದ್ದಷ್ಟೂ ಹಿಮ್ಮುಖ ಲೆಕ್ಕದಲ್ಲಿ ಈ ಅಂತರ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಈ ಬಿಲ್ ತಪ್ಪು ಎಂದೇ ಹೇಳಬಹುದೇ?

ಗುಣಾಕಾರ ತಪ್ಪಿಲ್ಲ. ತಕರಾರು ಇರುವುದು ಸರ್ವಿಸ್ ಚಾರ್ಜ್ ಹಾಕಿದ ಮೊತ್ತದ ಬಗ್ಗೆ. ಡಿಸ್ಕೌಂಟ್ ಕಳೆದ ಮೇಲೆ ಹಾಕಿದ್ದರೆ ಸರ್ವಿಸ್ ಚಾರ್ಜ್ 113.90, ಟ್ಯಾಕ್ಸ್ 31.32ರಂತೆ ಎರಡು ಸಲ, ಒಟ್ಟು 1,315.54, ರೌಂಡ್ ಮಾಡಿದರೆ 1,316. ಬಿಲ್ಲಿನ 1,337ಕ್ಕೂ ಇದಕ್ಕೂ 21 ವ್ಯತ್ಯಾಸ. ಅದರಲ್ಲಿ 20.10 ಸರ್ವಿಸ್ ಚಾರ್ಜಿನದ್ದು, 1.02 ಅದರ ಮೇಲೆ ಬಿದ್ದ ಟ್ಯಾಕ್ಸಿನದ್ದು. ರೌಂಡ್ ಆಫ್ ಸಾಲಿನಲ್ಲಿ 0.12 ತಗ್ಗಿ 21ಕ್ಕೆ ನಿಂತಿದೆ.

ರಿಯಾಯಿತಿಯ ನಿಯಮದಲ್ಲೇ ಸರ್ವಿಸ್ ಚಾರ್ಜನ್ನು ಪೂರ್ತಿ ಬೆಲೆಯ ಮೇಲೆ ಹಾಕುತ್ತೇವೆಂದು ಬರೆದಿದ್ದರೆ ಅದು ಲೆಕ್ಕದ ತಪ್ಪಲ್ಲ, ಅವರ ಷರತ್ತು. ಬರೆದಿಲ್ಲವಾದರೆ ಪ್ರಶ್ನಿಸುವ ಹಕ್ಕು ನಿಮಗಿದೆ. ಅನೇಕ ಸಲ ಇದು ಯಾರ ಉದ್ದೇಶವೂ ಆಗಿರುವುದಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಸರ್ವಿಸ್ ಚಾರ್ಜನ್ನು ಡಿಸ್ಕೌಂಟಿಗೆ ಮೊದಲು ಹಾಕಬೇಕೋ ನಂತರವೋ ಎಂಬ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಒಮ್ಮೆ ಇಟ್ಟವರು ಮತ್ತೆ ತೆರೆದು ನೋಡಿರುವುದಿಲ್ಲ. ಡಿಸ್ಕೌಂಟ್ ಇಲ್ಲದ ದಿನಗಳಲ್ಲಿ ಎರಡೂ ಒಂದೇ ಉತ್ತರ ಕೊಡುವುದರಿಂದ ತಪ್ಪು ಹೊರಗೆ ಬರುವುದೂ ಇಲ್ಲ.

ಡಿಸ್ಕೌಂಟ್ ಟ್ಯಾಕ್ಸಿಗಿಂತ ಕೆಳಗಿನ ಸಾಲಿನಲ್ಲಿದೆ. ಅದು ತಪ್ಪೇ?

ಯಾರು ಕೊಟ್ಟ ಡಿಸ್ಕೌಂಟ್ ಎಂಬುದರ ಮೇಲೆ ನಿಂತಿದೆ. ರೆಸ್ಟೋರೆಂಟಿನವರೇ ಬೆಲೆ ಇಳಿಸಿದ್ದರೆ ಆ ರಿಯಾಯಿತಿ ಸಾಮಾನ್ಯವಾಗಿ ಟ್ಯಾಕ್ಸಿಗಿಂತ ಮೇಲೆ ಬರುತ್ತದೆ, ಟ್ಯಾಕ್ಸೂ ಕಡಿಮೆಯಾಗುತ್ತದೆ. ಕಾರ್ಡ್ ಕಂಪನಿಯೋ ಪೇಮೆಂಟ್ ಆ್ಯಪೋ ಕೊಟ್ಟ ಕ್ಯಾಶ್‌ಬ್ಯಾಕ್ ಆಗಿದ್ದರೆ ಅದು ಬೆಲೆಯ ಇಳಿಕೆಯಲ್ಲ, ನಿಮ್ಮ ಪರವಾಗಿ ಇನ್ನೊಬ್ಬರು ಕಟ್ಟಿದ ಹಣ. ಆಗ ಟ್ಯಾಕ್ಸ್ ಪೂರ್ತಿ ಮೊತ್ತದ ಮೇಲೆಯೇ ಬೀಳುತ್ತದೆ, ಆ ಹಣ ಕೊನೆಯಲ್ಲಿ ಕಳೆಯುತ್ತದೆ. ನಮ್ಮ ಬಿಲ್ಲಿನಲ್ಲಿ 201 ಹಾಗೆ ಬಂದಿದ್ದರೆ ಟ್ಯಾಕ್ಸ್ 1,340 ಮತ್ತು 134 ಸೇರಿದ 1,474ರ ಮೇಲೆ 73.70 ಆಗುತ್ತಿತ್ತು, ಅದು ಸರಿಯೂ ಆಗಿರುತ್ತಿತ್ತು. ಆದ್ದರಿಂದ ಡಿಸ್ಕೌಂಟ್ ಸಾಲಿನ ಮೊತ್ತಕ್ಕಿಂತ ಅದು ಕೂತಿರುವ ಜಾಗವನ್ನು ಗಮನವಿಟ್ಟು ನೋಡಿ.

ಸರ್ವಿಸ್ ಚಾರ್ಜಿನ ಮೇಲೂ ಟ್ಯಾಕ್ಸ್ ಹಾಕಬಹುದೇ?

ಇದಕ್ಕೆ ಲೆಕ್ಕದಲ್ಲಿ ಉತ್ತರವಿಲ್ಲ, ಆಯಾ ದೇಶದ ಕಾನೂನಿನಲ್ಲಿದೆ. ಸಿಂಗಾಪುರದಲ್ಲಿ 10% ಸರ್ವಿಸ್ ಚಾರ್ಜ್ ಸೇರಿಸಿ ಆ ಒಟ್ಟಿನ ಮೇಲೆ ಜಿಎಸ್‌ಟಿ ಹಾಕುತ್ತಾರೆ. 2024ರ ಜನವರಿ 1ರಿಂದ ಆ ದರ 9%. ಬ್ರಿಟನ್ನಿನಲ್ಲಿ ಗಿರಾಕಿ ಕೊಡಲೇಬೇಕಾದ ಸರ್ವಿಸ್ ಚಾರ್ಜಿಗೆ ವ್ಯಾಟ್ ಉಂಟು, ಕೊಟ್ಟರೆ ಕೊಡಿ ಎಂಬಂಥ ಐಚ್ಛಿಕ ಸರ್ವಿಸ್ ಚಾರ್ಜಿಗೆ ಇಲ್ಲ. ಅಂದರೆ ಒಂದೇ ದೇಶದೊಳಗೆ, ಬಿಲ್ಲಿನಲ್ಲಿ ಅದನ್ನು ಐಚ್ಛಿಕ ಎಂದು ಬರೆದಿದ್ದಾರೋ ಇಲ್ಲವೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ.

ಭಾರತದಲ್ಲಿ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಹಿಂದಿನದು. ಸರ್ವಿಸ್ ಚಾರ್ಜನ್ನು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೀಗಾಗಿ ಅಲ್ಲಿನ ಬಿಲ್ಲಿನಲ್ಲಿ ಗುಣಾಕಾರ ಸರಿಯಿದೆಯೇ ಎನ್ನುವುದಕ್ಕಿಂತ ಮೊದಲು ಆ ಸಾಲು ಯಾಕಿದೆ ಎಂದು ಕೇಳಬೇಕಾಗುತ್ತದೆ.

10% ಸರ್ವಿಸ್ ಚಾರ್ಜ್, 5% ಟ್ಯಾಕ್ಸ್. ಒಟ್ಟು 15% ತಾನೇ?

ಎರಡೂ ಒಂದೇ ಮೊತ್ತದ ಮೇಲೆ ಬಿದ್ದರೆ ಹೌದು. ಸರ್ವಿಸ್ ಚಾರ್ಜಿನ ಮೇಲೂ ಟ್ಯಾಕ್ಸ್ ಇದ್ದರೆ 1.10 × 1.05 = 1.155, ಅಂದರೆ 15.5%. ಸಿಂಗಾಪುರದ 10% ಮತ್ತು 9% ಸೇರಿ ಆಗುವುದು 19.9%, 19% ಅಲ್ಲ.

ಇದರಿಂದ ಒಂದು ದಿಢೀರ್ ಪರೀಕ್ಷೆ ಸಿಗುತ್ತದೆ, ಐಟಂಗಳನ್ನು ಕೂಡಿ ನೋಡಿದ ಮೇಲೆ ನಾನು ಮೊದಲು ಮಾಡುವುದೂ ಇದನ್ನೇ. ರೌಂಡ್ ಆಫ್‌ಗೆ ಮುಂಚಿನ ಒಟ್ಟು ಮೊತ್ತವನ್ನು ಡಿಸ್ಕೌಂಟ್ ಕಳೆದ ಐಟಂ ಮೊತ್ತದಿಂದ ಭಾಗಿಸಿ. ಉತ್ತರ 1.15 ಬಂದರೆ ಎರಡೂ ಬೇರೆಬೇರೆಯಾಗಿ ಬಿದ್ದಿವೆ, 1.155 ಬಂದರೆ ಒಂದರ ಮೇಲೊಂದು ಬಿದ್ದಿವೆ. ನಮ್ಮ ಬಿಲ್ಲಿನಲ್ಲಿ 1,336.66 ಅನ್ನು 1,139ರಿಂದ ಭಾಗಿಸಿದರೆ 1.1735. ಎರಡಕ್ಕೂ ಸೇರದು, ಮೇಲಾಗಿ ದೊಡ್ಡದಕ್ಕಿಂತಲೂ ದೊಡ್ಡದು. ಎಲ್ಲೋ ಒಂದು ಶೇಕಡಾ ಹೆಚ್ಚಿನ ಮೊತ್ತದ ಮೇಲೆ ಬಿದ್ದಿದೆ ಎಂದು ಫೋನಿನ ಕ್ಯಾಲ್ಕುಲೇಟರಿನಲ್ಲಿ ಒಂದೇ ಭಾಗಾಕಾರದಿಂದ ಗೊತ್ತಾಯಿತು. ಎಲ್ಲಿ ಎಂಬುದಕ್ಕೆ ಮಾತ್ರ ಸಾಲುಸಾಲಾಗಿ ಇಳಿಯಬೇಕು.

ಬೆಲೆಯಲ್ಲೇ ಟ್ಯಾಕ್ಸ್ ಸೇರಿದೆ ಎಂದು ಬಿಲ್ಲಿನಲ್ಲಿದೆ. ಆಗ ಹೇಗೆ?

ಯುರೋಪಿನ ಬಹುತೇಕ ಕಡೆ ಪದ್ಧತಿ ಇದೇ. ಇಲ್ಲಿ ಜನ ಮಾಡುವ ತಪ್ಪು ಒಂದೇ: ಒಟ್ಟು ಮೊತ್ತಕ್ಕೆ ನೇರವಾಗಿ ಶೇಕಡಾ ಹಾಕುವುದು. ಟ್ಯಾಕ್ಸ್ ಸೇರಿ 105 ಆದದ್ದರಲ್ಲಿ 5% ದರದ ಟ್ಯಾಕ್ಸ್ 5.25 ಅಲ್ಲ, 5.00. ಮೊತ್ತವನ್ನು 105ರಿಂದ ಭಾಗಿಸಿ 5ರಿಂದ ಗುಣಿಸಬೇಕು. ದರ 20% ಇದ್ದರೆ ಮೊತ್ತದ ಆರನೇ ಒಂದು ಭಾಗವೇ ಟ್ಯಾಕ್ಸ್, ಇದನ್ನು ಬಾಯಲ್ಲೇ ಲೆಕ್ಕ ಹಾಕಬಹುದು. ಇಂಥ ಬಿಲ್ಲಿನಲ್ಲಿ ಟ್ಯಾಕ್ಸ್ ಸಾಲು ಮಾಹಿತಿಗಾಗಿ ಮಾತ್ರ ಇರುತ್ತದೆ. ಅದನ್ನು ಮತ್ತೆ ಕೂಡಿಸಿದ್ದರೆ ಒಂದೇ ಟ್ಯಾಕ್ಸನ್ನು ಎರಡು ಸಲ ವಸೂಲಿ ಮಾಡಿದಂತೆ.

ನನ್ನ ಲೆಕ್ಕಕ್ಕೂ ಬಿಲ್ಲಿಗೂ 0.01 ವ್ಯತ್ಯಾಸ ಬರುತ್ತಿದೆ. ಇದನ್ನು ತಪ್ಪು ಎನ್ನಬೇಕೇ?

ಬೇಡ, ಆದರೆ ಯಾಕೆ ಬಂತೆಂದು ತಿಳಿದಿರಬೇಕು. ನಮ್ಮ ಬಿಲ್ಲನ್ನೇ ನೋಡಿ. 1,273ರ 5% ಅಂದರೆ 63.65. ಬಿಲ್ಲಿನಲ್ಲಿ ಎರಡು ಟ್ಯಾಕ್ಸ್ ಸಾಲುಗಳನ್ನು ಕೂಡಿದರೆ 63.66. ಯಾರೂ ಮೋಸ ಮಾಡಿಲ್ಲ. 2.5%ರ ಲೆಕ್ಕ 31.825 ಬಂತು, ಎರಡೂ ಸಾಲಿನಲ್ಲಿ ಅದು 31.83 ಆಗಿ ಏರಿತು, ಎರಡು ಅರ್ಧಗಳು ಸೇರಿ ಒಂದು 0.01 ಆಯಿತು. ಉಲ್ಟಾ ದಿಕ್ಕಿನಲ್ಲೂ ಹೀಗಾಗುತ್ತದೆ: 1,252.90ರ ಮೇಲೆ ಎರಡು ಸಾಲಾಗಿ ಹಾಕಿದರೆ 62.64, ಒಂದೇ ಸಾಲಾಗಿ ಹಾಕಿದರೆ 62.65.

ಎಷ್ಟರವರೆಗೆ ಸಹಿಸಬಹುದು ಎಂಬುದಕ್ಕೆ ಒಂದು ಅಳತೆ ಇದೆ. ಎರಡು ದಶಾಂಶ ಸ್ಥಾನಕ್ಕೆ ರೌಂಡ್ ಮಾಡಿದ ಪ್ರತಿ ಸಾಲಿನಲ್ಲಿ ಹೆಚ್ಚೆಂದರೆ 0.005 ಏರುಪೇರಾಗಬಹುದು. ಪ್ರತಿ ಐಟಮ್ಮಿಗೂ ಬೇರೆಯಾಗಿ ಟ್ಯಾಕ್ಸ್ ಹಾಕಿ ರೌಂಡ್ ಮಾಡಿದ 12 ಸಾಲಿನ ಬಿಲ್ಲಾದರೆ ಒಟ್ಟು 0.06ರವರೆಗೆ ವ್ಯತ್ಯಾಸ ಬರಬಹುದು. 12 ಸಾಲಿಗೆ 0.40 ವ್ಯತ್ಯಾಸ ಬಂದರೆ ಅದಕ್ಕೆ ರೌಂಡಿಂಗ್ ಕಾರಣ ಎಂದು ಒಪ್ಪಬೇಡಿ. ಎಲ್ಲಿ ರೌಂಡ್ ಮಾಡಬೇಕು ಎಂಬುದಕ್ಕೆ ಕೆಲವೆಡೆ ನಿಯಮವೇ ಇದೆ. ಜಪಾನಿನಲ್ಲಿ 2023ರ ಅಕ್ಟೋಬರಿನಲ್ಲಿ ಬಂದ ಇನ್‌ವಾಯ್ಸ್ ಪದ್ಧತಿಯಲ್ಲಿ ಒಂದು ಇನ್‌ವಾಯ್ಸಿಗೆ, ಒಂದೊಂದು ಟ್ಯಾಕ್ಸ್ ದರಕ್ಕೆ ಒಂದೇ ಸಲ ರೌಂಡ್ ಮಾಡಬೇಕು. ಐಟಂ ಐಟಮ್ಮಿಗೂ ಮಾಡುವಂತಿಲ್ಲ.

ಕೊನೆಯ ರೌಂಡ್ ಆಫ್ ಸಾಲು ಎಷ್ಟಿರಬಹುದು?

ಹತ್ತಿರದ ಪೂರ್ಣಾಂಕಕ್ಕೆ ತರುವುದಾದರೆ 0.50 ದಾಟಬಾರದು, ಜೊತೆಗೆ ಚಿಹ್ನೆ ಪ್ಲಸ್ ಇರುವಂತೆ ಮೈನಸ್ಸೂ ಬರಬೇಕು. ಒಂದೇ ಜಾಗದ ಹಲವು ಬಿಲ್ಲುಗಳಲ್ಲಿ ಯಾವಾಗಲೂ ಪ್ಲಸ್ಸೇ ಇದ್ದರೆ ಅವರು ಹತ್ತಿರದ ಅಂಕಿಗಲ್ಲ, ಮೇಲಿನ ಅಂಕಿಗೆ ಏರಿಸುತ್ತಿದ್ದಾರೆ.

ಒಂದೇ ಬಿಲ್ಲಿನಲ್ಲಿ ಎರಡು ಟ್ಯಾಕ್ಸ್ ದರಗಳಿವೆ. ಹೇಗೆ ನೋಡಬೇಕು?

ಕೆಲವು ಐಟಂಗಳಿಗೆ ಒಂದು ದರ, ಕೆಲವಕ್ಕೆ ಇನ್ನೊಂದು ದರ ಇರುವುದು ಸಾಮಾನ್ಯ. ಪ್ರತಿ ಟ್ಯಾಕ್ಸ್ ಸಾಲನ್ನೂ ಅದರ ದರದಿಂದ ಭಾಗಿಸಿ ಮೊತ್ತಗಳನ್ನು ಕಂಡುಹಿಡಿಯಿರಿ. ಆ ಮೊತ್ತಗಳನ್ನೆಲ್ಲ ಕೂಡಿದರೆ ಟ್ಯಾಕ್ಸ್ ಬೀಳಬೇಕಾದ ಒಟ್ಟು ಮೊತ್ತ ಬರಬೇಕು, ರೌಂಡಿಂಗಿನ ಅಂತರ ಬಿಟ್ಟರೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಹೆಚ್ಚು ಬಂದರೆ ಯಾವುದೋ ಐಟಂ ಎರಡೂ ಗುಂಪಿನಲ್ಲಿ ಸೇರಿಕೊಂಡಿದೆ. ಆದರೆ ಮೇಲೆ ಹೇಳಿದ ನಮ್ಮ ಬಿಲ್ಲಿನಂತೆ ಒಂದೇ ಟ್ಯಾಕ್ಸನ್ನು ಎರಡು ಪಾಲು ಮಾಡಿ ತೋರಿಸಿದ್ದರೆ ಇದು ಅನ್ವಯಿಸದು. ಅಲ್ಲಿ ಎರಡೂ ಸಾಲಿನ ಹಿಂದೆ ಇರುವುದು ಒಂದೇ ಮೊತ್ತ.

ಸರ್ವಿಸ್ ಚಾರ್ಜ್ ಮತ್ತು ಡಿಸ್ಕೌಂಟನ್ನು ಎರಡು ಗುಂಪಿಗೆ ಹೇಗೆ ಹಂಚಿದ್ದಾರೆ ಎಂಬುದು ತುಸು ಜಟಿಲ. ಗುಂಪಿನ ಮೊತ್ತದ ಅನುಪಾತದಲ್ಲಿ ಹಂಚುವುದು ನ್ಯಾಯ. ಡಿಸ್ಕೌಂಟನ್ನೆಲ್ಲ ಕಡಿಮೆ ದರದ ಗುಂಪಿಗೇ ಕಳೆದರೆ ಟ್ಯಾಕ್ಸ್ ಹೆಚ್ಚಾಗುತ್ತದೆ.

ಸ್ಪ್ರೆಡ್‌ಶೀಟಿನಲ್ಲಿ ಹಾಕಿದರೆ ಉತ್ತರ ಬಿಲ್ಲಿಗೆ ಹೊಂದುತ್ತಿಲ್ಲ, ಯಾಕೆ?

ಸೆಲ್ಲಿನಲ್ಲಿ 31.83 ಎಂದು ಕಂಡರೂ ಒಳಗೆ 31.825 ಇರುತ್ತದೆ. ಎರಡು ದಶಾಂಶ ಸ್ಥಾನ ತೋರಿಸು ಎನ್ನುವುದು ಬರೀ ತೋರಿಕೆ. ಕೂಡುವಾಗ ಅದು ಒಳಗಿನ ಅಂಕಿಯನ್ನೇ ಕೂಡಿ 63.65 ಕೊಡುತ್ತದೆ, ಬಿಲ್ಲಿಂಗ್ ಯಂತ್ರ 63.66 ಕೊಟ್ಟಿರುತ್ತದೆ. ಪ್ರತಿ ಟ್ಯಾಕ್ಸ್ ಸೆಲ್ಲಿನಲ್ಲೂ ನಿಜವಾಗಿ ರೌಂಡ್ ಮಾಡಿಸಬೇಕು:

```
=ROUND(1273*2.5%,2)
```

ಪೈಥಾನ್ ಬಳಸುವವರು `round()` ನಂಬಬೇಡಿ. `round(2.675, 2)` ಕೊಟ್ಟರೆ 2.68 ಬರುವುದಿಲ್ಲ, 2.67 ಬರುತ್ತದೆ, ದಶಾಂಶ ಅಂಕಿಗಳು ಬೈನರಿಯಲ್ಲಿ ಪೂರ್ತಿ ಕೂರುವುದಿಲ್ಲ. ಹಣದ ಲೆಕ್ಕಕ್ಕೆ `Decimal` ಬೇಕು. ನಮ್ಮ ಬಿಲ್ಲಿನ ಎರಡೂ ಸಾಧ್ಯತೆಗಳನ್ನು ಇದು ಹಾಕಿ ತೋರಿಸುತ್ತದೆ:

```python
from decimal import Decimal as D, ROUND_HALF_UP

def r(x):
    return x.quantize(D("0.01"), rounding=ROUND_HALF_UP)

net = D("1139.00")
for sc in (D("134.00"), D("113.90")):
    tax = 2 * r((net + sc) * D("0.025"))
    print(sc, tax, net + sc + tax)
```

ಮೊದಲ ಸಾಲಿನಲ್ಲಿ ಒಟ್ಟು 1336.66, ಎರಡನೆಯದರಲ್ಲಿ 1315.54 ಬರುತ್ತದೆ. ಬಿಲ್ಲಿನಲ್ಲಿರುವುದು ಮೊದಲನೆಯದು.

ಲೆಕ್ಕ ಪೂರ್ತಿ ಸರಿಯಿದ್ದರೆ ಆ ಸ್ಕ್ರೀನ್‌ಶಾಟ್ ಅಸಲಿ ಎಂದು ನಂಬಬಹುದೇ?

ಇಲ್ಲ. ಕಚೇರಿಯಲ್ಲಿ ಖರ್ಚು ವಾಪಸ್ ಕೊಡುವ ವಿಭಾಗದವರು ಈ ಪ್ರಶ್ನೆ ಹೆಚ್ಚು ಕೇಳುತ್ತಾರೆ. ಅಂಕಿ ತಿದ್ದುವವರು ಸಾಮಾನ್ಯವಾಗಿ ಕೊನೆಯ ಮೊತ್ತವನ್ನೋ ಒಂದು ಐಟಮ್ಮಿನ ದರವನ್ನೋ ತಿದ್ದಿ ಟ್ಯಾಕ್ಸ್ ಸಾಲನ್ನು ಮರೆಯುತ್ತಾರೆ. ಹಿಮ್ಮುಖ ಲೆಕ್ಕ ಹಾಕಿದಾಗ ಟ್ಯಾಕ್ಸ್ ಹಳೆಯ ಮೊತ್ತವನ್ನೇ ಹೇಳುತ್ತಿರುತ್ತದೆ. ಅಂಥವರನ್ನು ಲೆಕ್ಕ ಹಿಡಿದುಕೊಡುತ್ತದೆ. ಎಲ್ಲ ಸಾಲುಗಳನ್ನೂ ಜಾಣತನದಿಂದ ತಿದ್ದಿದವರನ್ನು ಹಿಡಿಯುವುದಿಲ್ಲ. ಹಾಗೆಯೇ ಲೆಕ್ಕ ಹೊಂದದ ಮಾತ್ರಕ್ಕೆ ಯಾರನ್ನೂ ಅನುಮಾನಿಸಬೇಡಿ, ಮೇಲಿನ ಬಿಲ್ಲಿನಂತೆ ಸೆಟ್ಟಿಂಗಿನ ಎಡವಟ್ಟೂ ಇರಬಹುದು. ಸಂದೇಹವಿದ್ದರೆ ಬಿಲ್ ನಂಬರ್ ಹಿಡಿದು ಮೂಲ ಬಿಲ್ಲನ್ನು ತರಿಸಿಕೊಳ್ಳುವುದೇ ದಾರಿ.

ತಪ್ಪು ಕಂಡಿತು. ರೆಸ್ಟೋರೆಂಟಿನವರಿಗೆ ಹೇಗೆ ಹೇಳುವುದು?

‘ನಿಮ್ಮ ಬಿಲ್ ತಪ್ಪಾಗಿದೆ’ ಎಂದು ಶುರು ಮಾಡಿದರೆ ಕೌಂಟರಿನಲ್ಲಿರುವವರು ಮತ್ತೆ ಕೂಡಿ ನೋಡಿ, ‘ಸರಿಯಾಗೇ ಇದೆಯಲ್ಲ ಸಾರ್’ ಎನ್ನುತ್ತಾರೆ. ಅವರು ಹೇಳುವುದೂ ನಿಜ, ಕೂಡಿದ್ದು ಸರಿಯೇ ಇರುತ್ತದೆ. ಒಂದು ಸಾಲನ್ನು ತೋರಿಸಿ ಒಂದೇ ಪ್ರಶ್ನೆ ಕೇಳಿ: ‘ಈ ಸರ್ವಿಸ್ ಚಾರ್ಜ್ 134, ಡಿಸ್ಕೌಂಟ್ ಕಳೆಯೋಕೆ ಮುಂಚೆ ಇದ್ದ 1,340ರ ಮೇಲೆ ಬಿದ್ದಿದೆ. ಕಳೆದ ಮೇಲೆ 1,139 ಆಗುತ್ತೆ, ಅದರ ಮೇಲೆ ಹಾಕಿದ್ರೆ 113.90 ಬರುತ್ತೆ. ಒಂದ್ಸಲ ಮ್ಯಾನೇಜರ್ ಹತ್ರ ಕೇಳ್ತೀರಾ?’

ಸರ್ವಿಸ್ ಚಾರ್ಜ್ ತಿದ್ದಿದರೆ ಟ್ಯಾಕ್ಸೂ ತಾನಾಗಿ ಬದಲಾಗಬೇಕು. 20.10 ಮಾತ್ರ ಕೈಗೆ ವಾಪಸ್ ಕೊಟ್ಟು ಹಳೆಯ ಬಿಲ್ಲನ್ನೇ ಉಳಿಸಿಕೊಂಡರೆ, ಅದರ ಮೇಲೆ ಹಾಕಿದ 1.02 ಟ್ಯಾಕ್ಸ್ ಹಾಗೇ ಉಳಿಯಿತು. ಹಳೆಯ ಬಿಲ್ಲನ್ನು ರದ್ದು ಮಾಡಿಸಿ ಹೊಸ ಬಿಲ್ ತೆಗೆಸಿ, ಅದರಲ್ಲಿ ಟ್ಯಾಕ್ಸ್ 31.32 ಬಂದಿದೆಯೇ ಎಂದು ನೋಡಿಕೊಂಡು ಹಣ ಕಟ್ಟಿ.